ಒಂದು ಕಪ್ ಅನ್ನದ ತೂಕ

ನಮ್ಮ ಅಡುಗೆಮನೆಯ ಕಟ್ಟೆಯ ಕೆಳಗೆ ಮೂರು ಅಕ್ಕಿ ಡಬ್ಬಗಳಿವೆ. ದೊಡ್ಡದರಲ್ಲಿ ಸೋನಾ ಮಸೂರಿ. ನಾನು ಮಂಡ್ಯ ಕಡೆಯವಳು, ನನಗೆ ಅನ್ನ ಎಂದರೆ ಅದೇ. ಎರಡನೆಯದರಲ್ಲಿ ಪುತ್ತೂರಿನಿಂದ ಬರುವ ಕುಚ್ಚಲಕ್ಕಿ, ಅದು ಅತ್ತೆಯವರದು. ಮೂರನೆಯದು ಬಂದು ಒಂದು ವರ್ಷವೂ ಆಗಿಲ್ಲ. ಇವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ವಾರ ತಂದ ಬ್ರೌನ್ ರೈಸ್ ಪೊಟ್ಟಣ ಅದರಲ್ಲಿದೆ. ಅದರ ಜೊತೆಗೇ ಬಂದ ಪಥ್ಯದ ಚೀಟಿ ಫ್ರಿಜ್ ಮೇಲೆ ಅಂಟಿಕೊಂಡಿದೆ: ಮಧ್ಯಾಹ್ನ 1 ಕಪ್ ಬ್ರೌನ್ ರೈಸ್, ಬಿಳಿ ಅನ್ನ ಬೇಡ.

ಅತ್ತೆ ಆ ಪೊಟ್ಟಣವನ್ನು ತಿರುಗಿಸಿ ನೋಡಿ, "ಇದರಲ್ಲಿ ಅಂಥದ್ದೇನುಂಟು ಮಾರಾಯ್ತಿ? ನಮ್ಮ ಕುಚ್ಚಲಕ್ಕಿಗಿಂತ ಹೆಚ್ಚಿನದ್ದು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತಾ ಹೋದಾಗ ಅಕ್ಕಿಗಿಂತ ಹೆಚ್ಚು ತಲೆ ತಿನ್ನಿದ್ದು ಚೀಟಿಯಲ್ಲಿದ್ದ ಇನ್ನೊಂದು ಪದ. ಅದು 'ಕಪ್'.

ಮೊದಲು ಮೂರು ಅಕ್ಕಿಯ ಹುಟ್ಟು ನೋಡೋಣ. ಭತ್ತದ ಹೊರಗಿನ ಉಮಿಯನ್ನು ಮಾತ್ರ ತೆಗೆದರೆ ಸಿಗುವುದು ಕಂದು ಅಕ್ಕಿ. ಅದರ ಮೈಮೇಲೆ ತೌಡಿನ ಪದರ, ತುದಿಯಲ್ಲಿ ಮೊಳಕೆಯ ಭಾಗ ಎರಡೂ ಉಳಿದಿರುತ್ತವೆ. ಅದನ್ನೇ ಮಿಲ್ಲಿನಲ್ಲಿ ಪಾಲಿಶ್ ಮಾಡಿ ತೌಡನ್ನೂ ಮೊಳಕೆಯನ್ನೂ ಉಜ್ಜಿ ತೆಗೆದರೆ ಬಿಳಿ ಅಕ್ಕಿ, ಕರಾವಳಿಯವರ ಮಾತಿನಲ್ಲಿ ಬೆಳ್ತಿಗೆ. ಕುಚ್ಚಲಕ್ಕಿಯ ಹಾದಿ ಬೇರೆ. ಅಲ್ಲಿ ಉಮಿ ಬಿಡಿಸುವ ಮೊದಲೇ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುತ್ತಾರೆ. ಹಿಂದೆ ಮನೆಗಳಲ್ಲೇ ಹಂಡೆಯಲ್ಲಿ ಭತ್ತ ಬೇಯಿಸಿ ಅಂಗಳದಲ್ಲಿ ಹರಡುತ್ತಿದ್ದರು, ಈಗ ಮಿಲ್ಲುಗಳಲ್ಲಿ ಹಬೆ ಹಾಯಿಸುತ್ತಾರೆ. ಉಮಿಯೊಳಗೇ ಬೆಂದ ಪಿಷ್ಟ ಅಂಟಾಗಿ, ಒಣಗುವಾಗ ಗಟ್ಟಿಯಾಗಿ, ಕಾಳಿನ ಬಿರುಕುಗಳೆಲ್ಲ ಬೆಸೆದುಕೊಳ್ಳುತ್ತವೆ. ಹಾಗಾಗಿ ಮಿಲ್ಲಿನಲ್ಲಿ ಕುಚ್ಚಲಕ್ಕಿ ನುಚ್ಚಾಗುವುದು ಕಡಿಮೆ. ಸರ್ಕಾರ ಭತ್ತ ಕೊಟ್ಟು ಮಿಲ್ಲಿನವರಿಂದ ಅಕ್ಕಿ ಪಡೆಯುವಾಗ ಕ್ವಿಂಟಲಿಗೆ ಬೆಳ್ತಿಗೆಯಾದರೆ 67 ಕಿಲೋ, ಕುಚ್ಚಲಕ್ಕಿಯಾದರೆ 68 ಕಿಲೋ ಕೇಳುವುದು ಇದೇ ಕಾರಣಕ್ಕೆ. ಬೇಯುವಾಗ ತೌಡಿನಲ್ಲಿದ್ದ ಬಿ ಗುಂಪಿನ ವಿಟಮಿನ್‌ಗಳಲ್ಲಿ ಒಂದಷ್ಟು ಕಾಳಿನ ಒಳಕ್ಕೆ ಇಳಿಯುತ್ತವೆ, ಆಮೇಲೆ ಪಾಲಿಶ್ ಮಾಡಿದರೂ ಅಷ್ಟು ಉಳಿಯುತ್ತದೆ. ನಾರಿಗೆ ಆ ಅನುಕೂಲವಿಲ್ಲ. ಅದು ಇರುವುದು ಬಹುಪಾಲು ತೌಡಿನಲ್ಲೇ, ತೌಡು ಹೋದರೆ ಅದೂ ಹೋಯಿತು.

ಇನ್ನು ಕಪ್ಪಿನ ವಿಷಯ. ಜಗತ್ತಿನಾದ್ಯಂತ ಪಥ್ಯದ ಚೀಟಿಗಳೂ ಮೊಬೈಲ್ ಆ್ಯಪ್‌ಗಳೂ ಹೆಚ್ಚಾಗಿ ಎತ್ತಿಕೊಳ್ಳುವುದು ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದ ಅಂಕಿಗಳನ್ನು. ಅದರ ಪ್ರಕಾರ ಉದ್ದ ಕಾಳಿನ ಬಿಳಿ ಅನ್ನದ ಒಂದು ಕಪ್ಪಿನಲ್ಲಿ ಪ್ರೋಟೀನ್ 4.3 ಗ್ರಾಂ, ನಾರು 0.6 ಗ್ರಾಂ, ಒಟ್ಟು ಕಾರ್ಬೋಹೈಡ್ರೇಟ್ 44.5 ಗ್ರಾಂ. ಬಹಳ ವರ್ಷಗಳಿಂದ ಎಲ್ಲ ಕಡೆ ಉಲ್ಲೇಖವಾಗುತ್ತಾ ಬಂದ ಕಂದು ಅನ್ನದ ಸಾಲಿನಲ್ಲಿ ಪ್ರೋಟೀನ್ 5, ನಾರು 3.5, ಕಾರ್ಬೋಹೈಡ್ರೇಟ್ 44.8. ಕುದಿಸಿ ಪಾಲಿಶ್ ಮಾಡಿದ ಅಕ್ಕಿಯ ಅನ್ನಕ್ಕೆ ಕ್ರಮವಾಗಿ 4.6, 1.4, 41.2.

ಈ ಕೊನೆಯ ಅಂಕಿಯನ್ನು ಹಾಗೇ ನಂಬಬಾರದು. ಅಮೆರಿಕದ ಕೋಷ್ಟಕದ ಕಾರ್ಬೋಹೈಡ್ರೇಟ್‌ನಲ್ಲಿ ನಾರೂ ಸೇರಿದೆ. ನಾರು ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದಿಲ್ಲ. ಅದನ್ನು ಕಳೆದ ಮೇಲೆ ಉಳಿಯುವುದೇ ಮೈಗೆ ದಕ್ಕುವ ಕಾರ್ಬೋಹೈಡ್ರೇಟ್. ಹಾಗೆ ಕಳೆದರೆ ಕಪ್ಪಿಗೆ ಬಿಳಿ ಅನ್ನದಲ್ಲಿ ಸುಮಾರು 44 ಗ್ರಾಂ, ಕಂದು ಅನ್ನದಲ್ಲಿ 41, ಕುದಿಸಿದ ಅಕ್ಕಿಯಲ್ಲಿ 40.

ಇಷ್ಟು ನೋಡಿದರೆ ತೀರ್ಪು ಕೊಟ್ಟಂತೆಯೇ ಕಾಣುತ್ತದೆ. ಪ್ರೋಟೀನಿನಲ್ಲೂ ನಾರಿನಲ್ಲೂ ಕಂದು ಮುಂದೆ, ಸಕ್ಕರೆ ಕಾಯಿಲೆಯವರಿಗೆ ಬಿಳಿಗಿಂತ ವಾಸಿ. ನಾನೂ ಹಾಗೇ ಅಂದುಕೊಂಡಿದ್ದೆ, ಪಕ್ಕದಲ್ಲಿದ್ದ ಇನ್ನೊಂದು ಸಾಲಿನ ಮೇಲೆ ಕಣ್ಣು ಬೀಳುವ ತನಕ. ಬಿಳಿ ಅನ್ನದ ಕಪ್ಪಿನ ತೂಕ 158 ಗ್ರಾಂ. ಕುದಿಸಿದ್ದೂ 158. ಕಂದು ಅನ್ನದ ಕಪ್ 195 ಗ್ರಾಂ.

ಕಪ್ ಒಂದೇ, ಒಳಗಿರುವ ಅನ್ನ ಮಾತ್ರ ಒಂದೇ ಅಲ್ಲ. ತೌಡಿನ ಪದರ ಇರುವ ಕಾಳು ಬಿಳಿ ಅನ್ನದ ಹಾಗೆ ಅರಳಿ ಹಗುರಾಗುವುದಿಲ್ಲ, ಕಪ್ಪಿನಲ್ಲಿ ಒತ್ತೊತ್ತಾಗಿ ಕೂರುತ್ತದೆ. ಆದ್ದರಿಂದ ಒಂದು ಕಪ್ ಕಂದು ಅನ್ನ ತಿಂದವರು ಬಿಳಿ ಅನ್ನ ತಿಂದವರಿಗಿಂತ 37 ಗ್ರಾಂ ಹೆಚ್ಚು ಉಂಡಿದ್ದಾರೆ, ಅಂದರೆ ಮೂರು ನಾಲ್ಕು ದೊಡ್ಡ ಚಮಚ. ಕಪ್ಪನ್ನು ಬಿಟ್ಟು ಎರಡನ್ನೂ ನೂರು ಗ್ರಾಂ ತೂಗಿಟ್ಟರೆ ಪ್ರೋಟೀನಿನ ಮುನ್ನಡೆ ಮಾಯವಾಗುತ್ತದೆ: ಬಿಳಿಯಲ್ಲಿ 2.7, ಕಂದಿನಲ್ಲಿ 2.6. ನಾರಿನ ಮುನ್ನಡೆ ಮಾತ್ರ ಗಟ್ಟಿ, ಅದು ತೂಕ ಹಾಕಿದರೂ ನಾಲ್ಕು ಪಟ್ಟಿಗೂ ಹೆಚ್ಚು.

ನೂರು ಗ್ರಾಮಿನ ಲೆಕ್ಕವಾದರೂ ಸರಿಯೇ? ಅದರಲ್ಲೂ ಒಂದು ಮೋಸವಿದೆ, ಮಾಡುವುದು ನೀರು. ನೂರು ಗ್ರಾಂ ಬಿಳಿ ಅನ್ನದಲ್ಲಿ 68 ಗ್ರಾಂ ನೀರೇ. ಕುದಿಸಿದ ಅಕ್ಕಿಯ ಅನ್ನದಲ್ಲಿ 70, ಮೇಲೆ ಹೇಳಿದ ಕಂದು ಅನ್ನದಲ್ಲಿ 73. ಕುದಿಸಿದ ಅಕ್ಕಿಗೆ ಕಪ್ಪಿನಲ್ಲಿ ಕಾರ್ಬೋಹೈಡ್ರೇಟ್ ಕಡಿಮೆ ಬಂದದ್ದರಲ್ಲಿ ಅಕ್ಕಿಯ ಗುಣಕ್ಕಿಂತ ಅದು ಕುಡಿದ ಆ ಎರಡು ಗ್ರಾಂ ನೀರಿನ ಪಾಲೇ ಹೆಚ್ಚು. ಇದಕ್ಕೆ ಸಾಕ್ಷಿ ಅದೇ ಕೋಷ್ಟಕದಲ್ಲಿದೆ. ಕಂದು ಅನ್ನದ ಸಾಲನ್ನು ಅಮೆರಿಕದವರು ಮುಂದೆ ಹೊಸ ಮಾದರಿಗಳಿಂದ ತಿದ್ದಿದರು. ಹೊಸ ಸಾಲಿನಲ್ಲಿ ನೀರು 70ಕ್ಕೆ ಇಳಿದಿದೆ, ಕಪ್ 202 ಗ್ರಾಂ ಆಗಿದೆ, ಪ್ರೋಟೀನ್ 5.5 ಆಗಿದೆ, ನಾರು ಕಳೆದ ಮೇಲೂ ದಕ್ಕುವ ಕಾರ್ಬೋಹೈಡ್ರೇಟ್ 48 ಗ್ರಾಂ ದಾಟಿದೆ. ಹಳೆಯ ಸಾಲು ನೋಡಿದವರಿಗೆ ಕಂದು ಅನ್ನ ಬಿಳಿಗಿಂತ ಮೂರು ಗ್ರಾಂ ಕಡಿಮೆ, ಹೊಸ ಸಾಲು ನೋಡಿದವರಿಗೆ ನಾಲ್ಕು ಗ್ರಾಂ ಹೆಚ್ಚು. ಎರಡು ಆ್ಯಪ್‌ಗಳು ಎರಡು ರೀತಿ ಹೇಳಿದರೆ ಗಾಬರಿಯಾಗಬೇಡಿ, ಎರಡೂ ಸುಳ್ಳು ಹೇಳುತ್ತಿಲ್ಲ.

ಅಂದ ಮೇಲೆ ಮೂರು ಅಕ್ಕಿಯನ್ನು ನ್ಯಾಯವಾಗಿ ಹೋಲಿಸಬೇಕಾದರೆ ನೀರು ಬೀಳುವ ಮೊದಲೇ ಹೋಲಿಸಬೇಕು. ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕದಲ್ಲಿ ಮೂರೂ ಅಕ್ಕಿ ಒಂದರ ಕೆಳಗೊಂದು ಇವೆ. ಒಂದು ಎಚ್ಚರಿಕೆ: ಇಲ್ಲಿ ಕಾರ್ಬೋಹೈಡ್ರೇಟ್ ಎಂದು ಬರೆದಿರುವುದು ನಾರನ್ನು ಆಗಲೇ ಕಳೆದ ಅಂಕಿ. ಬಿಳಿ ಅಕ್ಕಿಯ ಸಾಲಿನ ನೀರು, ಪ್ರೋಟೀನ್, ಬೂದಿ, ಕೊಬ್ಬು, ನಾರು ಎಲ್ಲವನ್ನೂ ನೂರರಿಂದ ಕಳೆದು ನೋಡಿದೆ, ಉಳಿದದ್ದು ಸರಿಯಾಗಿ ಅಲ್ಲಿ ಅಚ್ಚಾಗಿರುವ 78.24. ಅಮೆರಿಕದ ಲೆಕ್ಕದ ಅಭ್ಯಾಸದಲ್ಲಿ ಇದರಿಂದ ಮತ್ತೆ ನಾರು ಕಳೆದರೆ ಒಂದೇ ಸಾಲವನ್ನು ಎರಡು ಸಲ ತೀರಿಸಿದ ಹಾಗೆ. ಎಷ್ಟೋ ಪಟ್ಟಿಗಳಲ್ಲಿ ಆಗಿರುವ ತಪ್ಪು ಇದೇ.

ಈಗ 60 ಗ್ರಾಂ ಅಕ್ಕಿ ತೆಗೆದುಕೊಳ್ಳೋಣ. ಬೆಂದ ಮೇಲೆ ಅದು ಹೆಚ್ಚು ಕಡಿಮೆ ಒಂದು ಕಪ್ ಅನ್ನವಾಗುತ್ತದೆ. 60 ಗ್ರಾಂ ಬಿಳಿ ಅಕ್ಕಿಯಲ್ಲಿ ಪ್ರೋಟೀನ್ 4.8 ಗ್ರಾಂ, ನಾರು 1.7, ದಕ್ಕುವ ಕಾರ್ಬೋಹೈಡ್ರೇಟ್ 46.9. ಕುದಿಸಿ ಪಾಲಿಶ್ ಮಾಡಿದ ಅಕ್ಕಿಯಲ್ಲಿ 4.7, 2.2, 46.3. ಕಂದು ಅಕ್ಕಿಯಲ್ಲಿ 5.5, 2.7, 44.9. ನಾರಿನ ಅಂಕಿಗಳು ಅಮೆರಿಕದವಕ್ಕೆ ತಾಳೆಯಾಗದಿರುವುದು ನಿಮಗೂ ಕಂಡಿರಬೇಕು. ತಳಿ ಬೇರೆ, ಪಾಲಿಶ್ ಎಷ್ಟಾಗಿದೆ ಎನ್ನುವುದು ಬೇರೆ, ಪರೀಕ್ಷೆಯ ವಿಧಾನವೂ ಬೇರೆ. ಆದರೆ ಸಾಲಿನ ಕ್ರಮ ಎರಡು ಕಡೆಯೂ ಒಂದೇ: ನಾರಿನಲ್ಲಿ ಬಿಳಿ ಕೊನೆಗೆ, ಕುದಿಸಿದ್ದು ನಡುವೆ, ಕಂದು ಮೇಲೆ.

ಈ ವ್ಯತ್ಯಾಸಗಳನ್ನು ತಟ್ಟೆಯ ಮೇಲೆ ಇಟ್ಟು ನೋಡಬೇಕು. ಬಿಳಿ ಬಿಟ್ಟು ಕಂದು ಅಕ್ಕಿ ಹಿಡಿದರೆ ಕಪ್ಪಿಗೆ ಉಳಿತಾಯವಾಗುವ ಕಾರ್ಬೋಹೈಡ್ರೇಟ್ ಎರಡು ಗ್ರಾಂ. ಒಂದು ದೊಡ್ಡ ಚಮಚ ಬಿಳಿ ಅನ್ನದಲ್ಲಿ ಅದಕ್ಕಿಂತ ಹೆಚ್ಚಿದೆ. ಬಡಿಸುವ ಕೈ ಒಂದು ಚಮಚ ಧಾರಾಳವಾದರೆ ಮೂರನೆಯ ಡಬ್ಬದ ಈ ಲಾಭವೆಲ್ಲ ಅಲ್ಲಿಗೆ ಮುಗಿಯಿತು. ಪ್ರೋಟೀನಿನ ಗಳಿಕೆ ಮುಕ್ಕಾಲು ಗ್ರಾಂ. ಒಂದು ಟೀ ಚಮಚದಷ್ಟು ತೊಗರಿಬೇಳೆಯನ್ನು ಸಾರಿಗೆ ಹೆಚ್ಚು ಹಾಕಿದರೆ ಅಷ್ಟು ಬರುತ್ತದೆ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನೂ ಆ ಬೇಳೆಯೇ ತುಂಬುತ್ತದೆ, ಕಂದು ಅಕ್ಕಿ ಅದನ್ನು ತುಂಬಲಾರದು. ಪ್ರೋಟೀನಿಗಾಗಿ ಅಕ್ಕಿ ಬದಲಿಸುತ್ತೇನೆ ಅನ್ನುವವರು ಬೇಳೆ ಡಬ್ಬದ ಕಡೆಗೆ ನೋಡುವುದೇ ಮೇಲು.

ನಾರಿನ ಮಾತು ಹಾಗಲ್ಲ. ಕಪ್ಪಿಗೆ ಒಂದರಿಂದ ಮೂರು ಗ್ರಾಂ ಹೆಚ್ಚು ನಾರು, ದಿನಕ್ಕೆ ಎರಡು ಹೊತ್ತು ಅನ್ನ ಉಣ್ಣುವವರಿಗೆ ಕಡೆಗಣಿಸುವಷ್ಟು ಚಿಕ್ಕದಲ್ಲ. ಆದರೂ ಮಂಡ್ಯದವಳಾಗಿ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದೇ ಹೈದರಾಬಾದಿನ ಕೋಷ್ಟಕದಲ್ಲಿ 60 ಗ್ರಾಂ ರಾಗಿಗೆ ನಾರು 6.7 ಗ್ರಾಂ, ದಕ್ಕುವ ಕಾರ್ಬೋಹೈಡ್ರೇಟ್ 40. ನಾರಿನ ಆಸೆಗೆ ದುಬಾರಿ ಪೊಟ್ಟಣ ತರುವ ಮನೆಯಲ್ಲಿ ರಾಗಿಹಿಟ್ಟು ಮೂಲೆ ಸೇರಿರುವುದನ್ನು ನಾನೇ ಎಷ್ಟೋ ಕಡೆ ಕಂಡಿದ್ದೇನೆ.

ಇಷ್ಟಾದ ಮೇಲೂ ಅತ್ತೆಯವರ ಪ್ರಶ್ನೆ ಹಾಗೇ ಇತ್ತು. ಅವರ ಡಬ್ಬದ ಅಕ್ಕಿ ಈ ಮೂರರಲ್ಲಿ ಯಾವುದು? ಕೋಷ್ಟಕದ 'ಕುದಿಸಿದ ಅಕ್ಕಿ' ಎಂದರೆ ಕುದಿಸಿದ ಮೇಲೆ ಪಾಲಿಶ್ ಆದದ್ದು. ಪುತ್ತೂರಿನಿಂದ ಬರುವುದು ಕುದಿಸಿದ್ದು ಹೌದು, ಆದರೆ ತೌಡು ಸಾಕಷ್ಟು ಉಳಿಸಿಕೊಂಡದ್ದು, ಕೆಂಪು ಮೈಯದು. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಬೆಳ್ತಿಗೆ ಅಕ್ಕಿಯ ಕಾಳು ಸುಣ್ಣದ ಹಾಗೆ ಬೆಳ್ಳಗೆ. ಪಾಲಿಶ್ ಆದ ಕುಚ್ಚಲಕ್ಕಿ, ನಮ್ಮ ಅಂಗಡಿಗಳ ಇಡ್ಲಿ ಅಕ್ಕಿಯ ಹಾಗೆ, ಸ್ವಲ್ಪ ಹಳದಿಗೆ ತಿರುಗಿ ಗಾಜಿನಂತೆ ಬೆಳಕು ಬಿಡುತ್ತದೆ. ಅತ್ತೆಯವರ ಅಕ್ಕಿಯಲ್ಲೂ ಆ ಗಾಜಿನ ಗುಣವಿದೆ, ಅದರ ಮೇಲೆ ಉದ್ದಕ್ಕೆ ಕೆಂಪು ಗೆರೆಗಳು, ಕೆಲವು ಕಾಳುಗಳಲ್ಲಿ ಇಡೀ ಕೆಂಪು ಹೊದಿಕೆ. ಆ ಹೊದಿಕೆ ಎಷ್ಟು ಉಳಿದಿದೆಯೋ ಅಷ್ಟರ ಮಟ್ಟಿಗೆ ಅದರ ನಾರು ಕಂದು ಅಕ್ಕಿಯ ಕಡೆಗೆ ವಾಲುತ್ತದೆ. ಬರೀ ಹೆಸರು ನೋಡಿ ಕುಚ್ಚಲಕ್ಕಿ ಕೊಂಡರೆ ಈ ಲಾಭ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ, ಬಿಳಿಯಾಗಿ ಪಾಲಿಶ್ ಆದದ್ದೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ತೌಡಿರುವ ಅಕ್ಕಿಗೆ ಇನ್ನೊಂದು ಗುರುತು ವಾಸನೆ. ತೌಡಿನಲ್ಲಿ ಎಣ್ಣೆಯಿದೆ, ಅದು ಹಳತಾದರೆ ಕಮಟು ಹಿಡಿಯುತ್ತದೆ. ಇವರ ಬ್ರೌನ್ ರೈಸನ್ನು ಒಂದೇ ಸಲ ಐದು ಕಿಲೋ ತಂದು ಈ ಪಾಠ ಕಲಿತೆ. ಈಗ ಒಂದು ಕಿಲೋ ಮುಗಿದ ಮೇಲೆಯೇ ಇನ್ನೊಂದು.

ಇನ್ನು ಮನೆಯಲ್ಲಿ ಲೆಕ್ಕ ಹಾಕುವ ಬಗೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. ತೊಳೆಯುವ ಮೊದಲು ಒಣ ಅಕ್ಕಿಯನ್ನು ತೂಗಿ, 200 ಗ್ರಾಂ ಎನ್ನಿ. ಖಾಲಿ ಪಾತ್ರೆಯನ್ನೂ ತೂಗಿ ಬರೆದಿಡಿ. ಅನ್ನವಾದ ಮೇಲೆ ಪಾತ್ರೆಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. 600 ಗ್ರಾಂ ಬಂತು ಅಂದುಕೊಳ್ಳೋಣ. ಅಕ್ಕಿ ಮೂರು ಪಟ್ಟಾಗಿದೆ, ಅಂದರೆ ತಟ್ಟೆಯಲ್ಲಿರುವ ಅನ್ನದ ಮೂರನೆಯ ಒಂದು ಪಾಲು ಒಣ ಅಕ್ಕಿ. 180 ಗ್ರಾಂ ಅನ್ನ ಬಡಿಸಿಕೊಂಡರೆ ಅದರಲ್ಲಿರುವ ಅಕ್ಕಿ 60 ಗ್ರಾಂ, ಉಳಿದ ಅಂಕಿಗಳು ಮೇಲೆಯೇ ಇವೆ. ಅನ್ನ ಮುದ್ದೆಯಾದ ದಿನವೂ ಉದುರುದುರಾದ ದಿನವೂ ಈ ಲೆಕ್ಕ ಕೆಡುವುದಿಲ್ಲ, ನೀರು ಎಷ್ಟು ಸೇರಿತೋ ಅಷ್ಟು ತೂಕದಲ್ಲಿ ಬಂದೇ ಬರುತ್ತದೆ.

ಈ ಲೆಕ್ಕ ಎಡವುವ ಒಂದು ಜಾಗವಿದೆ, ಅದು ಅತ್ತೆಯವರ ಅಡುಗೆ. ಅವರು ಕುಚ್ಚಲಕ್ಕಿಯನ್ನು ಕುಕ್ಕರಿನಲ್ಲಿ ಅಳತೆ ನೀರಿಗೆ ಇಡುವವರಲ್ಲ. ದೊಡ್ಡ ಪಾತ್ರೆ ತುಂಬ ನೀರಿಟ್ಟು, ಕಾಳು ಬೆಂದ ಮೇಲೆ ತಿಳಿ ಬಸಿಯುತ್ತಾರೆ. ಬಸಿದ ತಿಳಿಯ ಜೊತೆ ಒಂದಿಷ್ಟು ಪಿಷ್ಟ ಹೋಗುತ್ತದೆ, ನೀರಿನಲ್ಲಿ ಕರಗುವ ವಿಟಮಿನ್ನೂ ಹೋಗುತ್ತದೆ. ಹಾಗಾಗಿ ಬಸಿದ ಅನ್ನಕ್ಕೆ ಮೇಲಿನ ಲೆಕ್ಕ ಹಾಕಿದರೆ ಕಾರ್ಬೋಹೈಡ್ರೇಟ್ ನಿಜಕ್ಕಿಂತ ತುಸು ಹೆಚ್ಚೇ ಬರುತ್ತದೆ. ಆ ತಿಳಿಯನ್ನು ಉಪ್ಪು ಹಾಕಿ ಕುಡಿದುಬಿಟ್ಟರೆ ಹೋದದ್ದೆಲ್ಲ ಹೊಟ್ಟೆಗೇ ಬಂತು, ಲೆಕ್ಕವೂ ಸರಿಹೋಯಿತು. ರಾತ್ರಿ ಗಂಜಿಯೂಟವಾದರೆ ಕಪ್ಪಿನ ಮಾತು ಸಂಪೂರ್ಣ ಬಿಡಬೇಕು. ಒಂದು ಕಪ್ ಗಂಜಿಯಲ್ಲಿ ಅಕ್ಕಿಗಿಂತ ನೀರೇ ಎಷ್ಟೋ ಪಟ್ಟು, ಅದನ್ನು ಒಂದು ಕಪ್ ಅನ್ನ ಎಂದು ಬರೆದುಕೊಂಡವರಿಗೆ ಮರುದಿನದ ಸಕ್ಕರೆಯ ಅಂಕಿ ಅರ್ಥವಾಗುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಎಷ್ಟು ದಕ್ಕುತ್ತದೆ ಎನ್ನುವುದರ ಬಗ್ಗೆ. ಎಷ್ಟು ಬೇಗ ದಕ್ಕುತ್ತದೆ ಎನ್ನುವುದು ಬೇರೆ ಪ್ರಶ್ನೆ, ಕಪ್ಪಿನ ಅಂಕಿಗಳಲ್ಲಿ ಅದು ಕಾಣುವುದಿಲ್ಲ. ತೌಡಿನ ಹೊದಿಕೆಯಿರುವ ಕಾಳಿನೊಳಕ್ಕೆ ಜೀರ್ಣರಸ ನಿಧಾನವಾಗಿ ಇಳಿಯುತ್ತದೆ. ಒಮ್ಮೆ ಬೆಂದು, ಒಣಗಿ ಗಟ್ಟಿಯಾದ ಕುಚ್ಚಲಕ್ಕಿಯ ಪಿಷ್ಟದಲ್ಲೂ ಒಂದು ಪಾಲು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಪರೀಕ್ಷೆಯಲ್ಲಿ ಆ ಮೊಂಡು ಪಿಷ್ಟ ನಾರಿನ ಲೆಕ್ಕಕ್ಕೆ ಸೇರುವುದೂ ಉಂಟು. ತೌಡು ಹೋದ ಮೇಲೂ ಕುದಿಸಿದ ಅಕ್ಕಿ ನಾರಿನಲ್ಲಿ ಬಿಳಿಗಿಂತ ಮೇಲಿರುವುದಕ್ಕೆ ಇದೂ ಒಂದು ಕಾರಣ. ಆದರೆ ಈ ನಿಧಾನ ಅಕ್ಕಿಯ ತಳಿಯ ಮೇಲೂ, ಎಷ್ಟು ಮೆತ್ತಗೆ ಬೇಯಿಸಿದಿರಿ ಎನ್ನುವುದರ ಮೇಲೂ ಬದಲಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಅಕ್ಕಿ ಬದಲಿಸಿದ ವಾರ ಊಟಕ್ಕೆ ಮೊದಲು, ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿಕೊಂಡು, ಆ ಅಂಕಿಗಳನ್ನು ವೈದ್ಯರಿಗೆ ತೋರಿಸುವುದು ಯಾವ ಕೋಷ್ಟಕಕ್ಕಿಂತಲೂ ಭದ್ರ.

ಅತ್ತೆಯವರಿಗೆ ಕೊನೆಗೆ ನಾನು ಕೊಟ್ಟ ಉತ್ತರ ಇಷ್ಟೇ: ನಿಮ್ಮ ಕೆಂಪು ಕುಚ್ಚಲಕ್ಕಿ ಇರುವಾಗ ಈ ಪೊಟ್ಟಣ ಬೇಕಾಗಿರಲಿಲ್ಲ. ಬಿಳಿ ಅನ್ನವೇ ಬೇಕೆನ್ನುವವರು ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ, ಜೊತೆಗೆ ಹುರುಳಿಕಾಯಿ ಪಲ್ಯ, ಬೇಳೆ ಗಟ್ಟಿಯಾಗಿರುವ ಸಾರು ಬಡಿಸಿಕೊಂಡರೆ ಬಿಟ್ಟುಹೋದದ್ದು ತುಂಬಿಬರುತ್ತದೆ. "ಅದನ್ನು ನಾನು ಮೊದಲೇ ಹೇಳಲಿಲ್ಲವಾ" ಎಂದರು. ಫ್ರಿಜ್ ಮೇಲಿನ ಚೀಟಿಯಲ್ಲಿ ಈಗ '1 ಕಪ್' ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ನಿನಿಂದ 'ಒಣ ಅಕ್ಕಿ 60 ಗ್ರಾಂ' ಎಂದು ಬರೆದಿದೆ. ನಿಮ್ಮ ಮನೆಯ ಪಾವಿನಲ್ಲೋ ಲೋಟದಲ್ಲೋ ಎಷ್ಟು ಗ್ರಾಂ ಅಕ್ಕಿ ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿ, ಆಮೇಲೆ ತಕ್ಕಡಿಯನ್ನು ಕಪಾಟಿನಲ್ಲಿಟ್ಟರೂ ನಡೆಯುತ್ತದೆ.